ಒಂದು ಬಾಂಡು, ಮೂರು ತಾರೀಕು: 54ಇಸಿ ವಿನಾಯಿತಿಯ ಒಂದು ಪ್ರಕರಣ

ಇದು ನಮ್ಮ ತೆರಿಗೆ ಸಲಹೆಯ ಆಫೀಸಿನಲ್ಲೇ ನಡೆದದ್ದು. ಸ್ವಲ್ಪ ತಪ್ಪು ನಮ್ಮದೂ ಇತ್ತು, ಅದನ್ನೂ ಬರೆಯುತ್ತೇನೆ. ಗುರುತು ಸಿಗಬಾರದು ಅಂತ ಊರು ಹೇಳುತ್ತಿಲ್ಲ. ಕಕ್ಷಿದಾರರ ವೃತ್ತಿಯನ್ನೂ ಬದಲಿಸಿದ್ದೇನೆ. ಅವರನ್ನು ಮೇಷ್ಟ್ರು ಅಂತಲೇ ಕರೆಯೋಣ.

ಮೇಷ್ಟ್ರು ನಿವೃತ್ತರು, ಅರವತ್ತು ದಾಟಿದವರು. 2003-04ರಲ್ಲಿ ಒಂದು ಸೈಟು ಕೊಂಡಿದ್ದರು. ನೋಂದಣಿ ಖರ್ಚೆಲ್ಲ ಸೇರಿ ಆಗ ಬಿದ್ದದ್ದು 5,45,000 ರೂಪಾಯಿ. 2022ರ ಆಗಸ್ಟ್‌ನಲ್ಲಿ ಅದನ್ನು 62 ಲಕ್ಷಕ್ಕೆ ಮಾರಿದರು. ಹಣದುಬ್ಬರ ಸೂಚ್ಯಂಕ ಆ ವರ್ಷ 331, ಕೊಂಡ ವರ್ಷ 109. ಆ ಲೆಕ್ಕದಲ್ಲಿ ಸೈಟಿನ ಕೊಂಡ ಬೆಲೆ 16,55,000 ಆಯಿತು. ಬ್ರೋಕರ್‌ಗೆ ಕೊಟ್ಟ 45,000 ಕಳೆದರೆ ಉಳಿದ ದೀರ್ಘಾವಧಿ ಬಂಡವಾಳ ಲಾಭ ಸರಿಯಾಗಿ 45 ಲಕ್ಷ. ಶೇಕಡಾ 20ರ ತೆರಿಗೆ, ಮೇಲೆ ಶೇಕಡಾ 4 ಸೆಸ್ ಹಾಕಿದರೆ 9,36,000 ರೂಪಾಯಿ ಕಟ್ಟಬೇಕಿತ್ತು.

ತೆರಿಗೆ ಉಳಿಸಲು ಇನ್ನೊಂದು ಮನೆ ಕೊಳ್ಳುವ ಮನಸ್ಸು ಮೇಷ್ಟ್ರಿಗೆ ಇರಲಿಲ್ಲ. "ಇರೋ ಮನೆ ಗುಡಿಸೋಕೇ ಆಗ್ತಿಲ್ಲ" ಅಂದರು. ಹಾಗಾಗಿ ಆದಾಯ ತೆರಿಗೆ ಕಾಯ್ದೆಯ 54ಇಸಿ ಕಲಂನ ದಾರಿ ಹಿಡಿದೆವು. ಜಮೀನು ಅಥವಾ ಕಟ್ಟಡ ಮಾರಿ ಬಂದ ದೀರ್ಘಾವಧಿ ಲಾಭವನ್ನು ಆರ್‌ಇಸಿ, ಪಿಎಫ್‌ಸಿ, ಐಆರ್‌ಎಫ್‌ಸಿ ಥರದ ಸಂಸ್ಥೆಗಳ ನಿರ್ದಿಷ್ಟ ಬಾಂಡುಗಳಲ್ಲಿ ಹಾಕಿದರೆ ಆ ಮೊತ್ತದ ಮಟ್ಟಿಗೆ ತೆರಿಗೆ ಇಲ್ಲ. ಮಿತಿ 50 ಲಕ್ಷ. ಐದು ವರ್ಷ ಹಣ ಮುಟ್ಟುವ ಹಾಗಿಲ್ಲ. ಬಾಂಡಿನ ಮೇಲೆ ಸಾಲ ತೆಗೆದರೂ ವಿನಾಯಿತಿ ಹೋಗುತ್ತದೆ. ಎಲ್ಲಕ್ಕಿಂತ ಮುಖ್ಯವಾದ ಷರತ್ತು ಒಂದಿದೆ: ಆಸ್ತಿ ವರ್ಗಾವಣೆಯಾದ ದಿನದ ನಂತರದ ಆರು ತಿಂಗಳ ಒಳಗೆ ಹೂಡಿಕೆ ಮಾಡಿರಬೇಕು.

ತಾರೀಕುಗಳು

ಕ್ರಯಪತ್ರ ನೋಂದಣಿಯಾದದ್ದು 2022ರ ಆಗಸ್ಟ್ 12ರಂದು. ಆವತ್ತೇ ನಾನು ಮೇಷ್ಟ್ರಿಗೆ "ಫೆಬ್ರವರಿ 12ರೊಳಗೆ ಬಾಂಡ್ ಆಗ್ಬೇಕು, ಜನವರಿಯಲ್ಲೇ ಮುಗಿಸಿಬಿಡೋಣ" ಅಂದಿದ್ದೆ. ಅವರು ಬಂದದ್ದು ಫೆಬ್ರವರಿ ಮೊದಲ ವಾರದಲ್ಲಿ. ಕೊನೆ ವಾರಕ್ಕೆ ತಳ್ಳುವುದು ಎಲ್ಲರ ಅಭ್ಯಾಸ ತಾನೇ.

ಫೆಬ್ರವರಿ 8ರಂದು 35 ಲಕ್ಷದ ಚೆಕ್ಕನ್ನು ಅರ್ಜಿ ಜೊತೆ ಸಂಗ್ರಹಣಾ ಬ್ಯಾಂಕಿಗೆ ಕೊಟ್ಟರು. 9ರಂದು ಅವರ ಖಾತೆಯಿಂದ ಹಣ ಹೋಯಿತು. ಬಾಕಿ 10 ಲಕ್ಷ ಒಂದು ಎಫ್‌ಡಿಯಲ್ಲಿತ್ತು. ಆ ಎಫ್‌ಡಿ ಮುಗಿಯುವುದು ಫೆಬ್ರವರಿ 15ಕ್ಕೆ. ಒಂದು ವಾರ ಮೊದಲೇ ಮುರಿದರೆ ಸುಮಾರು ಐದು ಸಾವಿರ ಬಡ್ಡಿ ಖೋತಾ. ಬಾಂಡ್ ಏಜೆಂಟು ಮೇಷ್ಟ್ರಿಗೆ, "ಬಾಂಡ್ ಅಲಾಟ್ ಆಗೋದು ತಿಂಗಳ ಕೊನೇ ದಿನ ಸರ್, 28ರವರೆಗೂ ಟೈಮ್ ಇದೆ, ಸುಮ್ನೆ ಯಾಕೆ ಎಫ್‌ಡಿ ಮುರೀತೀರಿ" ಅಂದನಂತೆ. ಮೇಷ್ಟ್ರು ನನ್ನನ್ನು ಕೇಳಲಿಲ್ಲ. 16ರಂದು 10 ಲಕ್ಷ ಆರ್‌ಟಿಜಿಎಸ್ ಮಾಡಿದರು. ನನಗೆ ಗೊತ್ತಾದದ್ದು ಜುಲೈನಲ್ಲಿ ರಿಟರ್ನ್ ತುಂಬುವಾಗ.

ಆಗ ಒಂದು ತೀರ್ಮಾನ ಮಾಡಬೇಕಿತ್ತು. ತಡವಾದ 10 ಲಕ್ಷವನ್ನು ಬಿಟ್ಟು 35ಕ್ಕೆ ಮಾತ್ರ ವಿನಾಯಿತಿ ಕೇಳಬಹುದಿತ್ತು. ನಾನು ಪೂರ್ತಿ 45 ಕೇಳಿದೆ. ಅದಕ್ಕೆ ಆಧಾರ ಇತ್ತು, ಮುಂದೆ ಹೇಳುತ್ತೇನೆ. ಎರಡೂ ಪಾವತಿಗಳ ನಿಜವಾದ ದಿನಾಂಕವನ್ನೇ ರಿಟರ್ನಿನಲ್ಲಿ ಕೊಟ್ಟೆವು. 16ನ್ನು 11 ಮಾಡಿ ಬರೆಯೋಣ ಅನ್ನುವ ಯೋಚನೆ ಯಾರಿಗೂ ಬರಲಿಲ್ಲ. ಅದೇ ಆಮೇಲೆ ನಮ್ಮನ್ನು ಕಾಪಾಡಿತು.

ನೋಟಿಸು, ಮತ್ತು ನಮ್ಮ ಎಡವಟ್ಟು

2024ರ ಜೂನ್‌ನಲ್ಲಿ 143(2) ನೋಟಿಸು ಬಂತು. ಅಂದರೆ ರಿಟರ್ನ್ ಪರಿಶೀಲನೆಗೆ ಆಯ್ಕೆಯಾಗಿದೆ. ನವೆಂಬರ್‌ನಲ್ಲಿ 142(1) ಪ್ರಶ್ನಾವಳಿ ಬಂತು. ಅದರಲ್ಲಿ ಒಂದು ಸಾಲು ಹೀಗಿತ್ತು: 54ಇಸಿ ವಿನಾಯಿತಿಗೆ ಸಂಬಂಧಿಸಿದ ದಾಖಲೆ ಒದಗಿಸಿ.

ನಮ್ಮ ಆಫೀಸಿನ ಹುಡುಗ ಎರಡು ಬಾಂಡ್ ಸರ್ಟಿಫಿಕೇಟ್ ಸ್ಕ್ಯಾನ್ ಮಾಡಿ ಅಪ್‌ಲೋಡ್ ಮಾಡಿದ. ಕೇಳಿದ್ದು ದಾಖಲೆ, ಕೊಟ್ಟದ್ದು ದಾಖಲೆ. ನಾನು ನೋಡಿ ಸರಿ ಅಂದೆ. ಆ ಎರಡೂ ಸರ್ಟಿಫಿಕೇಟಿನ ಮೇಲೆ ಇದ್ದ ತಾರೀಕು ಒಂದೇ: ಡೀಮ್ಡ್ ಡೇಟ್ ಆಫ್ ಅಲಾಟ್‌ಮೆಂಟ್, 28 ಫೆಬ್ರವರಿ 2023. ಹಣ ಯಾವತ್ತು ಕೊಟ್ಟರು ಅನ್ನುವುದು ಅದರಲ್ಲಿ ಎಲ್ಲೂ ಇಲ್ಲ.

ಈ ಬಾಂಡುಗಳ ಕ್ರಮವೇ ಹಾಗೆ. ವರ್ಷವಿಡೀ ಅರ್ಜಿ ತೆಗೆದುಕೊಳ್ಳುತ್ತಾರೆ. ತಿಂಗಳಲ್ಲಿ ಯಾವ ದಿನ ಹಣ ಬಂದರೂ, ಆ ತಿಂಗಳ ಕೊನೆಯ ದಿನ ಹಂಚಿಕೆಯಾಯಿತು ಅಂತ ಲೆಕ್ಕ. 1ಕ್ಕೆ ಕೊಟ್ಟವರಿಗೂ 27ಕ್ಕೆ ಕೊಟ್ಟವರಿಗೂ ಸರ್ಟಿಫಿಕೇಟಿನಲ್ಲಿ ಒಂದೇ ತಾರೀಕು. ಅಧಿಕಾರಿ ಎದುರಿಗೆ ಕೂತಿಲ್ಲ. ಎಲ್ಲ ಫೇಸ್‌ಲೆಸ್. ಅವರ ಕಣ್ಣಿಗೆ ಬೀಳುವುದು ನಾವು ಏರಿಸಿದ ಪಿಡಿಎಫ್ ಮಾತ್ರ. ರಿಟರ್ನಿನಲ್ಲಿ ಒಂದು ದಿನಾಂಕ, ಸರ್ಟಿಫಿಕೇಟಿನಲ್ಲಿ ಇನ್ನೊಂದು. ಯಾವುದನ್ನು ನಂಬುತ್ತಾರೆ? ಸೀಲು ಇರುವುದನ್ನೇ, ಅಲ್ವಾ.

2025ರ ಫೆಬ್ರವರಿಯಲ್ಲಿ ಶೋಕಾಸ್ ನೋಟಿಸು ಬಂತು. ವರ್ಗಾವಣೆ 12-08-2022, ಹೂಡಿಕೆ 28-02-2023, ಆರು ತಿಂಗಳ ಅವಧಿ 12-02-2023ಕ್ಕೆ ಮುಗಿದಿದೆ, ಹಾಗಾಗಿ ಪೂರ್ತಿ 45 ಲಕ್ಷದ ವಿನಾಯಿತಿಯನ್ನು ಯಾಕೆ ತಿರಸ್ಕರಿಸಬಾರದು ಅಂತ. ಉತ್ತರ ಕೊಡಲು ಏಳು ದಿನ.

ಮೇಷ್ಟ್ರು ಓಡಿ ಬಂದರು. "ಏನಪ್ಪಾ ಇದು, ನನ್ನ ಅಕೌಂಟಿಂದ 9ನೇ ತಾರೀಕೇ ದುಡ್ಡು ಹೋಗಿದೆ. 28 ಅಂತ ಇವರಿಗೆ ಯಾರು ಹೇಳಿದ್ದು?"

"ನಾವೇ ಹೇಳಿದ್ದು ಮೇಷ್ಟ್ರೇ" ಅಂದೆ. ಬೇರೆ ಏನು ಹೇಳಲಿ.

ಏಳು ದಿನದಲ್ಲಿ

ಮೊದಲು ಮಾಡಿದ ಕೆಲಸ ಅಂದರೆ ಎರಡು ಪಾವತಿಗಳನ್ನು ಬೇರೆ ಮಾಡಿದ್ದು. ನೋಟಿಸು 45 ಲಕ್ಷವನ್ನು ಒಂದೇ ಗಂಟಾಗಿ ಕಟ್ಟಿತ್ತು. ಆದರೆ 35 ಲಕ್ಷದ ಜಗಳವೇ ಬೇರೆ, 10 ಲಕ್ಷದ ಜಗಳವೇ ಬೇರೆ. 35 ಲಕ್ಷದಲ್ಲಿ ಪ್ರಶ್ನೆ, ಹೂಡಿಕೆ ಅಂದರೆ ಹಣ ಕೊಟ್ಟ ದಿನವೋ ಬಾಂಡ್ ಹಂಚಿದ ದಿನವೋ ಅನ್ನುವುದು. 10 ಲಕ್ಷದಲ್ಲಿ ಹಣ ಕೊಟ್ಟ ದಿನವೇ 12 ದಾಟಿದೆ. ಅಲ್ಲಿ ಪ್ರಶ್ನೆ ಆರು ತಿಂಗಳು ಅಂದರೆ ಏನು ಅನ್ನುವುದು. ಎರಡನ್ನೂ ಒಂದೇ ಪ್ಯಾರಾದಲ್ಲಿ ಕಲಸಿಬಿಟ್ಟರೆ ದುರ್ಬಲ ವಾದ ಗಟ್ಟಿ ವಾದವನ್ನೂ ಮುಳುಗಿಸುತ್ತದೆ.

35 ಲಕ್ಷಕ್ಕೆ ಕಾನೂನು ನಮ್ಮ ಕಡೆ ಚೆನ್ನಾಗಿಯೇ ಇತ್ತು. ಹಿಂದೂಸ್ತಾನ್ ಯೂನಿಲಿವರ್ ಪ್ರಕರಣದಲ್ಲಿ ಬಾಂಬೆ ಹೈಕೋರ್ಟ್ 2010ರಲ್ಲೇ ಹೇಳಿದೆ: 54ಇಸಿಗೆ ಹೂಡಿಕೆಯ ದಿನ ಅಂದರೆ ಹಣ ಪಾವತಿಯಾಗಿ ಬಾಂಡ್ ಸಂಸ್ಥೆಗೆ ತಲುಪಿದ ದಿನ. ಅದು ನಮ್ಮ ರಾಜ್ಯದ ಹೈಕೋರ್ಟಿನದ್ದಲ್ಲ, ನಿಜ. ಆದರೂ ತರ್ಕ ಸರಳ. ಹಣ ಕೊಡುವುದು ನನ್ನ ಕೈಯಲ್ಲಿದೆ, ಹಂಚಿಕೆ ಸಂಸ್ಥೆಯ ಕೈಯಲ್ಲಿದೆ. ಅವರ ಕ್ಯಾಲೆಂಡರಿಗೆ ನಾನು ಹೊಣೆಯಲ್ಲ.

ಆದರೆ ತೀರ್ಪು ಉಲ್ಲೇಖಿಸಿದರೆ ಸಾಲದು, 9ನೇ ತಾರೀಕು ಹಣ ತಲುಪಿತು ಅಂತ ತೋರಿಸಬೇಕು. ಮೇಷ್ಟ್ರ ಪಾಸ್‌ಬುಕ್ಕಿನಲ್ಲಿ ಚೆಕ್ ನಂಬರ್ ಸಮೇತ 9ಕ್ಕೆ ಹಣ ಹೋದ ಸಾಲು ಇತ್ತು. ಅರ್ಜಿಯ ಕೆಳಗಿನ ಹರಿದ ಚೀಟಿಯಲ್ಲಿ ಸಂಗ್ರಹಣಾ ಬ್ಯಾಂಕಿನ 8ನೇ ತಾರೀಕಿನ ಸೀಲು, ಅದೇ ಚೆಕ್ ನಂಬರ್. ಆ ಚೀಟಿ ಸಿಕ್ಕಿದ್ದು ಮೇಷ್ಟ್ರ ಮನೆಯ ಗ್ಯಾಸ್ ಬುಕ್ಕಿನೊಳಗೆ. ಇವೆರಡೂ ಕೊಟ್ಟವರ ಕಡೆಯ ಸಾಕ್ಷಿ. ಪಡೆದವರ ಕಡೆಯದ್ದೂ ಒಂದು ಬೇಕಿತ್ತು.

ಅದು ಸಿಕ್ಕಿದ್ದು ನಾವು ನಿರೀಕ್ಷಿಸದ ಕಡೆ. ಬಾಂಡಿನ ಮೊದಲ ಬಡ್ಡಿ ಬಂದಾಗ ಸಂಸ್ಥೆ ಒಂದು ವಿವರ ಕಳಿಸಿತ್ತು. ಅದರಲ್ಲಿ 35 ಲಕ್ಷಕ್ಕೆ ಬಡ್ಡಿ ಶುರುವಾದ ದಿನ 09-02-2023, 10 ಲಕ್ಷಕ್ಕೆ 16-02-2023 ಅಂತ ಬೇರೆ ಬೇರೆಯಾಗಿ ಇತ್ತು. ಹಂಚಿಕೆ 28ಕ್ಕೇ ಆದರೂ ಹಣ ತಮ್ಮ ಖಾತೆಗೆ ಬಂದ ದಿನದಿಂದಲೇ ಬಡ್ಡಿ ಕೊಟ್ಟಿದ್ದಾರೆ. ಹಣ ತಮ್ಮ ಬಳಿ ಇಲ್ಲದ ದಿನಕ್ಕೆ ಯಾರಾದರೂ ಬಡ್ಡಿ ಕೊಡುತ್ತಾರಾ? ಆ ಒಂದು ಹಾಳೆಯನ್ನು ನಾನು ಉತ್ತರದ ಮೊದಲ ಲಗತ್ತು ಮಾಡಿದೆ. ತೀರ್ಪಿನ ಪ್ರತಿ ಎರಡನೆಯದು.

ಈ ನಡುವೆ ಎದೆ ಝಲ್ ಅನ್ನಿಸಿದ ಒಂದು ವಿಷಯ. ಕ್ರಯಪತ್ರವನ್ನು ಮತ್ತೆ ಓದುವಾಗ ಸಹಿ ಹಾಕಿದ ದಿನ ಆಗಸ್ಟ್ 10 ಅಂತ ಕಂಡಿತು. ನೋಂದಣಿ ಮಾತ್ರ 12. ನೋಂದಣಿ ಕಾಯ್ದೆಯ 47ನೇ ಕಲಂ ಪ್ರಕಾರ ನೋಂದಣಿಯಾದ ಪತ್ರ ಸಹಿಯಾದ ದಿನದಿಂದ ಜಾರಿಗೆ ಬರುತ್ತದೆ. ಹಾಗೆ ಎಣಿಸಿದರೆ ಗಡುವು ಫೆಬ್ರವರಿ 10. ನಮ್ಮ ಚೆಕ್ ಪಾಸಾಗಿದ್ದು 9ಕ್ಕೆ. ಒಂದೇ ದಿನದ ಅಂತರದಲ್ಲಿ ಬಚಾವ್. ನೋಟಿಸಿನಲ್ಲಿ 12 ಅಂತಲೇ ಇತ್ತು, ಹಾಗಾಗಿ ನಾವು ಅದನ್ನು ಕೆದಕಲಿಲ್ಲ. ಆದರೆ ಪತ್ರದ ಪೂರ್ತಿ ಪ್ರತಿಯನ್ನು ಲಗತ್ತಿಸಿದ್ದೆವು, ಏನೂ ಮುಚ್ಚಿಡಲಿಲ್ಲ.

ಇನ್ನು 10 ಲಕ್ಷ. ಮೇಷ್ಟ್ರ ನೆಂಟರೊಬ್ಬರು "ಕೋವಿಡ್ ವಿಸ್ತರಣೆ ಇತ್ತಲ್ಲ, ಅದನ್ನು ಹಾಕಿ" ಅಂದರು. ಅದು ನಮಗೆ ಸಿಗುವುದಿಲ್ಲ. 2023ರ ಜನವರಿಯ ಸುತ್ತೋಲೆ ವಿಸ್ತರಿಸಿದ್ದು 2021ರ ಏಪ್ರಿಲ್ 1ರಿಂದ 2022ರ ಫೆಬ್ರವರಿ 28ರ ನಡುವೆ ಮುಗಿಯಬೇಕಿದ್ದ ಗಡುವುಗಳನ್ನು. ನಮ್ಮದು ಅದರ ಒಂದು ವರ್ಷ ಆಚೆಗೆ.

ನಮ್ಮ ಕೈಯಲ್ಲಿದ್ದದ್ದು ಅಹಮದಾಬಾದ್ ಆದಾಯ ತೆರಿಗೆ ನ್ಯಾಯಮಂಡಳಿಯ ವಿಶೇಷ ಪೀಠದ 2014ರ ತೀರ್ಪು. ಅಲ್ಲಿ ಆಸ್ತಿ ವರ್ಗಾವಣೆ 2008ರ ಜೂನ್ 10, ಹೂಡಿಕೆ ಡಿಸೆಂಬರ್ 17. ದಿನ ಹಿಡಿದು ಎಣಿಸಿದರೆ ಒಂದು ವಾರ ತಡ. ಆದರೆ ಕಾಯ್ದೆ ಹೇಳುವುದು ಆರು ತಿಂಗಳು ಅಂತ, 180 ದಿನ ಅಂತಲ್ಲ. ಸಾಮಾನ್ಯ ಖಂಡಗಳ ಕಾಯ್ದೆಯಲ್ಲಿ ತಿಂಗಳು ಅಂದರೆ ಕ್ಯಾಲೆಂಡರ್ ತಿಂಗಳು. ಹಾಗಾಗಿ ಆಸ್ತಿ ಮಾರಿದ ತಿಂಗಳು ಮುಗಿದ ಮೇಲೆ ಆರು ಪೂರ್ತಿ ತಿಂಗಳು ಎಣಿಸಬೇಕು ಅಂತ ಪೀಠ ಹೇಳಿತು. ಡಿಸೆಂಬರ್ 31ರವರೆಗೆ ಸಮಯ ಇತ್ತು, ವಿನಾಯಿತಿ ಸಿಕ್ಕಿತು.

ನಮ್ಮ ಲೆಕ್ಕಕ್ಕೆ ಅದನ್ನು ಹಚ್ಚಿದರೆ ಆಗಸ್ಟ್ ಮುಗಿದ ಮೇಲೆ ಆರು ತಿಂಗಳು, ಅಂದರೆ 2023ರ ಫೆಬ್ರವರಿ 28. ತಮಾಷೆ ನೋಡಿ, ಏಜೆಂಟು ಹೇಳಿದ್ದೂ 28ನೇ ತಾರೀಕೇ. ಅವನಿಗೆ ವಿಶೇಷ ಪೀಠವೂ ಗೊತ್ತಿಲ್ಲ, ಖಂಡವೂ ಗೊತ್ತಿಲ್ಲ. ಅವನು ಹೇಳಿದ್ದು ಅಲಾಟ್‌ಮೆಂಟಿನ ತಾರೀಕು. ಕಾರಣ ತಪ್ಪು, ತಾರೀಕು ಸರಿ. ಹಂಚಿಕೆ ಯಾವಾಗಲೂ ತಿಂಗಳ ಕೊನೆಯಲ್ಲೇ ಆಗುವುದರಿಂದ, ಈ ಎಣಿಕೆ ಒಪ್ಪಿದರೆ ಆರನೇ ತಿಂಗಳಲ್ಲಿ ಕೊಟ್ಟ ಯಾವ ಹಣಕ್ಕೂ ಸರ್ಟಿಫಿಕೇಟಿನ ತಾರೀಕು ಅಡ್ಡ ಬರುವುದೇ ಇಲ್ಲ. ಹಾಗಾಗಿ 35 ಲಕ್ಷಕ್ಕೂ ಇದನ್ನು ಎರಡನೇ ವಾದವಾಗಿ ಇಟ್ಟೆವು.

ಆದರೆ ಇದು ನ್ಯಾಯಮಂಡಳಿಯ ವ್ಯಾಖ್ಯಾನ, ಕಾಯ್ದೆಯಲ್ಲಿ ಹಾಗೆ ಬರೆದಿಲ್ಲ. 12ರಿಂದ 12ಕ್ಕೆ ಎಣಿಸುವುದು ಸಾಮಾನ್ಯ ಜನರ ಲೆಕ್ಕ, ಅಧಿಕಾರಿಗಳ ಲೆಕ್ಕವೂ ಅದೇ. ಮೇಷ್ಟ್ರಿಗೆ ನೇರವಾಗಿ ಹೇಳಿದೆ: 35 ಬರುತ್ತದೆ, 10 ಇಲ್ಲಿ ಬರೋದು ಕಷ್ಟ, ಮೇಲೆ ಹೋಗಬೇಕಾಗಬಹುದು.

ಆದೇಶ, ಮತ್ತು ನಿಜವಾದ ತಿರುವು

ಮಾರ್ಚ್‌ನಲ್ಲಿ ಆದೇಶ ಬಂತು. ಹಾಗೇ ಆಯಿತು. ಬಡ್ಡಿ ವಿವರ, ಪಾಸ್‌ಬುಕ್ ಉಲ್ಲೇಖಿಸಿ 35 ಲಕ್ಷ ಒಪ್ಪಿದ್ದರು. 10 ಲಕ್ಷ ತಿರಸ್ಕರಿಸಿದ್ದರು. ತೆರಿಗೆ ಸೆಸ್ ಸೇರಿ 2,08,000. ಮುಂಗಡ ತೆರಿಗೆ ಕಟ್ಟದ ಬಡ್ಡಿ ಬೀಳಲಿಲ್ಲ. ವ್ಯಾಪಾರದ ಆದಾಯ ಇಲ್ಲದ ಹಿರಿಯ ನಾಗರಿಕರಿಗೆ ಮುಂಗಡ ತೆರಿಗೆಯ ಹೊಣೆ ಇಲ್ಲ. ಮೇಷ್ಟ್ರ ವಯಸ್ಸು ಅಲ್ಲಿ ಸುಮಾರು ಐವತ್ತು ಸಾವಿರ ಉಳಿಸಿತು. ಕೊನೆಗೆ ಒಂದು ಸಾಲು: 270ಎ ಅಡಿ ಕಡಿಮೆ ಆದಾಯ ತೋರಿಸಿದ್ದಕ್ಕೆ ದಂಡದ ಕ್ರಮ ಆರಂಭಿಸಲಾಗಿದೆ.

ನನ್ನ ಪ್ರಕಾರ ಈ ಪ್ರಕರಣದಲ್ಲಿ ನಿಜವಾಗಿ ಯೋಚಿಸಬೇಕಾಗಿ ಬಂದದ್ದು ಇಲ್ಲಿ. ಎರಡು ದಾರಿ ಇತ್ತು, ಒಂದು ಹಿಡಿದರೆ ಇನ್ನೊಂದು ಮುಚ್ಚುತ್ತದೆ.

ಒಂದು, 270ಎಎ. ತೆರಿಗೆ ಪೂರ್ತಿ ಕಟ್ಟಿ, ಮೇಲ್ಮನವಿ ಹಾಕದೆ, ಆದೇಶ ತಲುಪಿದ ತಿಂಗಳು ಮುಗಿದು ಒಂದು ತಿಂಗಳೊಳಗೆ ನಮೂನೆ 68ರಲ್ಲಿ ಅರ್ಜಿ ಕೊಟ್ಟರೆ ದಂಡದಿಂದ ವಿನಾಯಿತಿ ಸಿಗುತ್ತದೆ. ಸುಳ್ಳು ಮಾಹಿತಿ ಕೊಟ್ಟವರಿಗೆ ಅದು ಸಿಗುವುದಿಲ್ಲ, ಕಡಿಮೆ ತೋರಿಸಿದವರಿಗೆ ಮಾತ್ರ. ನಮ್ಮ ಆದೇಶದಲ್ಲಿ ಕಡಿಮೆ ತೋರಿಸಿದ್ದು ಅಂತಲೇ ಇತ್ತು. 16ನೇ ತಾರೀಕನ್ನು ನಾವೇ ರಿಟರ್ನಿನಲ್ಲಿ ಬರೆದಿದ್ದರಿಂದ ಸುಳ್ಳು ಅನ್ನುವ ಮಾತಿಗೆ ಜಾಗವೇ ಇರಲಿಲ್ಲ. ಈ ದಾರಿಯಲ್ಲಿ ಒಟ್ಟು ಖರ್ಚು 2,08,000, ಕಥೆ ಮುಗಿಯಿತು.

ಎರಡು, ಮೇಲ್ಮನವಿ. ಮೂವತ್ತು ದಿನದೊಳಗೆ ನಮೂನೆ 35, ಶುಲ್ಕ ಸಾವಿರ ರೂಪಾಯಿ. ಗೆದ್ದರೆ ಪೂರ್ತಿ 2,08,000 ಉಳಿಯುತ್ತದೆ. ಸೋತರೆ ತೆರಿಗೆಯ ಜೊತೆ ಅದರ ಅರ್ಧದಷ್ಟು ದಂಡ, 1,04,000 ಬೀಳಬಹುದು. ಎಲ್ಲ ವಿವರ ಬಹಿರಂಗಪಡಿಸಿ ಪ್ರಾಮಾಣಿಕ ವಿವರಣೆ ಕೊಟ್ಟಿದ್ದರೆ ದಂಡ ಹಾಕುವಂತಿಲ್ಲ ಅಂತ 270ಎಯಲ್ಲೇ ಇದೆ. ಆದರೆ ಅದನ್ನೂ ವಾದಿಸಿಯೇ ಪಡೆಯಬೇಕು.

ನಾನು ಎರಡನ್ನೂ ಒಂದು ಹಾಳೆಯಲ್ಲಿ ಬರೆದು ಮೇಷ್ಟ್ರ ಮುಂದಿಟ್ಟೆ. ಆಯ್ಕೆ ನಾನು ಮಾಡಲಿಲ್ಲ. ಅವರು ಹಾಳೆ ಮನೆಗೆ ತೆಗೆದುಕೊಂಡು ಹೋದರು. ಮರುದಿನ ಬಂದು ಕೇಳಿದ್ದು ಒಂದೇ ಪ್ರಶ್ನೆ. "ಆ ವಿಶೇಷ ಪೀಠ ಅಂತೀಯಲ್ಲ, ಅವರ ಮುಂದಿದ್ದ ಲೆಕ್ಕಕ್ಕೂ ನಮ್ಮ ಲೆಕ್ಕಕ್ಕೂ ಏನಾದ್ರೂ ವ್ಯತ್ಯಾಸ ಇದೆಯಾ?"

"ಅವರದ್ದು ಏಳು ದಿನ ತಡ, ನಮ್ಮದು ನಾಲ್ಕು. ಅಷ್ಟೇ."

"ಹಾಗಾದ್ರೆ ಹಾಕು."

ಬೇಡಿಕೆಯ ಶೇಕಡಾ 20, ಅಂದರೆ 41,600 ಕಟ್ಟಿ ಉಳಿದ ವಸೂಲಿಗೆ ತಡೆ ಕೇಳಿದೆವು, ಸಿಕ್ಕಿತು. ದಂಡದ ನೋಟಿಸಿಗೆ ಮೇಲ್ಮನವಿ ಬಾಕಿ ಇದೆ ಅಂತ ಉತ್ತರಿಸಿ ತಡೆಹಿಡಿಯಲು ಕೋರಿದೆವು. ಮೇಲ್ಮನವಿಯ ಆಧಾರಗಳಲ್ಲಿ 35 ಲಕ್ಷದ ಮಾತೇ ಎತ್ತಲಿಲ್ಲ. ಗೆದ್ದದ್ದನ್ನು ಮತ್ತೆ ಮೇಜಿನ ಮೇಲೆ ಹಾಕುವುದು ಯಾಕೆ? ವಾದ ಒಂದೇ, ಪುಟ ಎರಡೂವರೆ.

ಸುಮಾರು ಹತ್ತು ತಿಂಗಳಿಗೆ ಆದೇಶ ಬಂತು. ವಿಶೇಷ ಪೀಠದ ಎಣಿಕೆಯನ್ನು ಅನುಸರಿಸಿ 10 ಲಕ್ಷಕ್ಕೂ ವಿನಾಯಿತಿ ಒಪ್ಪಿದರು. ತೆರಿಗೆ ಹೋದ ಮೇಲೆ ದಂಡಕ್ಕೆ ಬುಡ ಇಲ್ಲ. 41,600 ವಾಪಸ್ ಬಂತು. ಇಲಾಖೆ ಇದರ ಮೇಲೆ ನ್ಯಾಯಮಂಡಳಿಗೆ ಹೋಗಲಿಲ್ಲ. ಇಷ್ಟು ಸಣ್ಣ ತೆರಿಗೆ ಮೊತ್ತಕ್ಕೆ ಸಾಮಾನ್ಯವಾಗಿ ಹೋಗುವುದೂ ಇಲ್ಲ.

ಐದು ಸಾವಿರದ ಎಫ್‌ಡಿ ಬಡ್ಡಿ ಉಳಿಸಲು ಹೋಗಿ ಎರಡು ವರ್ಷ ನಡೆದ ಓಡಾಟ ಇದು. ಗೆದ್ದಿದ್ದೇವೆ ಅಂತ ಮುಂದಿನ ಕಕ್ಷಿದಾರರಿಗೆ ನಾನು ತಿಂಗಳ ಕೊನೆಯವರೆಗೆ ಸಮಯ ಇದೆ ಅಂತ ಹೇಳುವುದಿಲ್ಲ. ಈಗಲೂ ಸಹಿಯಾದ ದಿನದಿಂದಲೇ ಎಣಿಸಿ, ಅದಕ್ಕೂ ಹದಿನೈದು ದಿನ ಹಿಂದಕ್ಕೆ ಗಡುವು ಬರೆದು ಕೊಡುತ್ತೇನೆ. ವಿಶೇಷ ಪೀಠದ ತೀರ್ಪು ತಡವಾಗಿ ಹೋದಾಗ ಹಿಡಿಯಲು ಇರುವ ಹಗ್ಗ, ತಡ ಮಾಡಲು ಪರ್ಮಿಟ್ ಅಲ್ಲ. ಇನ್ನು ಆಫೀಸಿನಲ್ಲಿ ಬಾಂಡ್ ಸರ್ಟಿಫಿಕೇಟ್ ಒಂದೇ ಅಪ್‌ಲೋಡ್ ಮಾಡುವುದು ನಿಷೇಧ. ಹಣ ಹೋದ ದಿನದ ಬ್ಯಾಂಕ್ ಹಾಳೆ, ಸೀಲು ಬಿದ್ದ ಚೀಟಿ, ಬಡ್ಡಿ ವಿವರ ಮೂರೂ ಜೊತೆಗೆ ಹೋಗಬೇಕು. ಮೇಲೆ ನಾಲ್ಕು ಸಾಲಿನ ಒಂದು ಪತ್ರ, ಯಾವ ತಾರೀಕು ಏನು ಅಂತ.

ಆದೇಶದ ಪ್ರತಿ ತೆಗೆದುಕೊಳ್ಳಲು ಬಂದ ದಿನ ಮೇಷ್ಟ್ರು ಸರ್ಟಿಫಿಕೇಟ್ ತಿರುಗಿಸಿ ನೋಡುತ್ತಾ ಕೇಳಿದರು. "ನನ್ನ ದುಡ್ಡು 9ಕ್ಕೇ ಹೋಯ್ತು ಅಂತ ಸಾಬೀತಾಯ್ತಲ್ಲ. ಹಾಗಾದ್ರೆ ಐದು ವರ್ಷ ಆದ್ಮೇಲೆ ವಾಪಸ್ ಬರೋದೂ 2028ರ ಫೆಬ್ರವರಿ 9ಕ್ಕೆ ತಾನೇ?"

ಅಲ್ಲ, ಅದು ಹಂಚಿಕೆಯ ದಿನದಿಂದ ಎಣಿಕೆ, 28ಕ್ಕೆ ಅಂದೆ. ಮೇಷ್ಟ್ರು ಕನ್ನಡಕ ತೆಗೆದು ಒಮ್ಮೆ ನನ್ನನ್ನು ನೋಡಿ, ಸರ್ಟಿಫಿಕೇಟ್ ಮಡಚಿ ಚೀಲಕ್ಕೆ ಹಾಕಿಕೊಂಡರು.